ಹತ್ತು ಮಳೆಗಾಲ, ಒಂದೇ ಬಣ್ಣ?

ಹೊರಗೋಡೆಯ ಬಣ್ಣಕ್ಕೆ ಬರೆಯುವ ಘೋಷವಾಕ್ಯ ಸಾಮಾನ್ಯವಾಗಿ ನಾಲ್ಕೈದು ಪದ ದಾಟುವುದಿಲ್ಲ. ಹೆದ್ದಾರಿ ಬದಿಯ ಫಲಕದ ಮೇಲೆ, ಪೇಂಟ್ ಅಂಗಡಿಯ ಶಟರ್ ಮೇಲೆ, ಇಪ್ಪತ್ತು ಲೀಟರಿನ ಬಕೆಟ್‌ನ ಹೊಟ್ಟೆಯ ಮೇಲೆ ಅದೇ ಸಾಲು ಅದೇ ರೂಪದಲ್ಲಿ ಕೂರಬೇಕು. ಬೈಕಿನಲ್ಲಿ ಹೋಗುವವರಿಗೆ ಅದನ್ನು ಓದಲು ಸಿಗುವುದು ಎರಡು ಮೂರು ಸೆಕೆಂಡು. ಅಷ್ಟರೊಳಗೆ ಮನೆ ಕಟ್ಟಿಸಿದವರ ಹಳೆಯ ಚಿಂತೆಯೊಂದನ್ನು ಅದು ಮುಟ್ಟಬೇಕು: ಇಷ್ಟು ದುಡ್ಡು ಸುರಿದು ಹಚ್ಚಿಸಿದ ಬಣ್ಣ ಮಳೆಗಾಲ ಮುಗಿಯುವ ಹೊತ್ತಿಗೆ ಹೇಗಿರುತ್ತದೆ? ಎಂಥ ಮಳೆಗೂ ಬಣ್ಣ ಉಳಿಯುತ್ತದೆ ಎಂದು ಮಾತು ಕೊಡುವ ಸಾಲುಗಳು ಹುಟ್ಟುವುದು ಈ ಚಿಂತೆಯಿಂದಲೇ.

ಇಂಥ ಸಾಲನ್ನು ಕನ್ನಡದಲ್ಲಿ ಬರೆಯಲು ಕೂತವರಿಗೆ ಮೊದಲು ತೊಡಕು ತರುವುದು ‘ಬಣ್ಣ’ ಎಂಬ ಪದವೇ. ಕಣ್ಣಿಗೆ ಕಾಣುವ ಕೆಂಪು, ಹಳದಿ, ನೀಲಿಗೂ ಬಣ್ಣ ಎನ್ನುತ್ತೇವೆ. ಡಬ್ಬಿಯಲ್ಲಿ ಬರುವ, ಬ್ರಷ್ಷಿನಲ್ಲಿ ಬಳಿಯುವ ದ್ರವಕ್ಕೂ ಬಣ್ಣ ಎನ್ನುತ್ತೇವೆ. ‘ಬಣ್ಣ ಉಳಿಯುತ್ತದೆ’ ಎಂದು ಬರೆದರೆ ಎರಡು ಮಾತು ಕೊಟ್ಟಂತಾಯಿತು. ಗೋಡೆಗೆ ಹಚ್ಚಿದ ಪದರ ಸಿಪ್ಪೆ ಏಳದೆ ಅಂಟಿಕೊಂಡಿರುತ್ತದೆ ಎಂಬುದು ಒಂದು. ಹಚ್ಚಿದ ದಿನ ಇದ್ದ ರಂಗು ಹಾಗೆಯೇ ಇರುತ್ತದೆ ಎಂಬುದು ಇನ್ನೊಂದು. ಕಂಪನಿಗಳು ಲಿಖಿತ ಖಾತರಿ ಕೊಡುವುದು ಬಹುಮಟ್ಟಿಗೆ ಮೊದಲನೆಯದಕ್ಕೆ. ಮನೆಯವರ ಕಿವಿಗೆ ಬೀಳುವುದು ಎರಡನೆಯದು. ಇದರ ಮೇಲೆ ಕನ್ನಡಕ್ಕೆ ‘ಬಣ್ಣದ ಮಾತು’ ಎಂಬ ನುಡಿಗಟ್ಟೂ ಉಂಟು, ‘ಬಣ್ಣ ಬಯಲಾಯಿತು’ ಎಂಬುದೂ ಉಂಟು. ಬಣ್ಣ ಮಾರುವವರ ಮಟ್ಟಿಗೆ ಇವೆರಡೂ ಅಷ್ಟು ಶುಭಸೂಚಕವಲ್ಲ.

ಆದ್ದರಿಂದ ಸಾಲು ಕಟ್ಟುವ ಮೊದಲು ಗೋಡೆಯ ಮೇಲೆ ಏನು ನಡೆಯುತ್ತದೆ ಎಂದು ನೋಡಬೇಕಾಗುತ್ತದೆ. ಜನರ ಮಾತೇ ಇಲ್ಲಿ ಒಳ್ಳೆಯ ದಾರಿ ತೋರಿಸುತ್ತದೆ. ಬಣ್ಣ ಮಾಸಿತು, ಬಣ್ಣ ಬಿಟ್ಟಿತು, ಸಿಪ್ಪೆ ಎದ್ದಿತು, ಗುಳ್ಳೆ ಬಂತು, ಪಾಚಿ ಕಟ್ಟಿತು, ಗೋಡೆಗೆ ಉಪ್ಪು ಏರಿತು ಎಂದು ಬೇರೆ ಬೇರೆ ಕ್ರಿಯಾಪದ ಬಳಸುವವರು ಬೇರೆ ಬೇರೆ ರೋಗಗಳನ್ನೇ ಹೇಳುತ್ತಿರುತ್ತಾರೆ. ಇವುಗಳಲ್ಲಿ ರಂಗು ಮಾಸುವುದರ ಮುಖ್ಯ ಕಾರಣ ಮಳೆಯಲ್ಲ, ಬಿಸಿಲು.

ಹೊರಗೋಡೆಗೆ ಬಳಸುವ ಎಮಲ್ಷನ್‌ನಲ್ಲಿ ರಂಗು ಕೊಡುವ ಪುಡಿಯೂ, ಆ ಪುಡಿಯನ್ನು ಗೋಡೆಗೆ ಹಿಡಿದಿಡುವ ಅಕ್ರಿಲಿಕ್ ಅಂಟೂ ಇರುತ್ತವೆ. ಬಿಸಿಲಿನ ನೇರಳಾತೀತ ಕಿರಣ ಎರಡನ್ನೂ ತಿನ್ನುತ್ತದೆ. ಅಂಟು ಸವೆದ ಕಡೆ ಪುಡಿ ಬಿಡಿಯಾಗಿ ಮೇಲೆ ನಿಲ್ಲುತ್ತದೆ. ಹಳೆಯ ಗೋಡೆಯನ್ನು ಅಂಗೈಯಿಂದ ಉಜ್ಜಿದರೆ ಸೀಮೆಸುಣ್ಣದಂಥ ಪುಡಿ ಅಂಟುವುದು ಇದರ ಗುರುತು. ಹೀಗೆ ಬಿಡಿಯಾದ ಪುಡಿಯನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ನೋಡಿದವರು ‘ಮಳೆಗೆ ಬಣ್ಣ ಹೋಯಿತು’ ಎನ್ನುತ್ತಾರೆ. ಅದು ಹೋದದ್ದು ಮಾರ್ಚ್-ಏಪ್ರಿಲ್‌ನ ಬಿಸಿಲಿಗೆ, ಜೂನ್‌ನ ಮಳೆ ಗುಡಿಸಿದ್ದು ಮಾತ್ರ.

ರಂಗಿನ ಬಾಳಿಕೆ ಪುಡಿಯ ಜಾತಿಯ ಮೇಲೂ ನಿಂತಿದೆ. ಕಬ್ಬಿಣದ ಆಕ್ಸೈಡಿನಿಂದ ಬರುವ ಇಟ್ಟಿಗೆ ಕೆಂಪು, ಕಾವಿ, ಮಣ್ಣಿನ ಹಳದಿಗಳು ಬಿಸಿಲಿಗೆ ಬಗ್ಗುವುದಿಲ್ಲ. ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಯ ಮೇಲೆ ಸುಣ್ಣದ ಗಾರೆಯಲ್ಲಿ ಕೆಮ್ಮಣ್ಣು ಬಳಸಿ ಬಿಡಿಸಿದ ಕಾವಿ ಕಲೆ ಇಂದಿಗೂ ಕೆಂಪಾಗಿಯೇ ಉಳಿದಿರುವುದಕ್ಕೆ ಆ ಕಬ್ಬಿಣದ ಆಕ್ಸೈಡೂ ಒಂದು ಕಾರಣ. ಅಗಲವಾದ ಮಾಡಿನ ನೆರಳು ಮತ್ತೊಂದು. ಹೊಳೆಯುವ ನಿಂಬೆ ಹಳದಿ, ಗಾಢ ಗುಲಾಬಿ, ನೇರಳೆ ಮುಂತಾದವು ಬಹುತೇಕ ಸಾವಯವ ಪುಡಿಗಳಿಂದ ಬರುತ್ತವೆ. ಅವುಗಳಲ್ಲಿ ಹಲವು ಬಿಸಿಲಿಗೆ ಬೇಗ ಸೋಲುತ್ತವೆ. ಒಂದೇ ಕಂಪನಿಯ, ಒಂದೇ ಬೆಲೆಯ ಎರಡು ಬಕೆಟ್‌ಗಳಲ್ಲಿ ಒಂದು ಎಂಟು ವರ್ಷ ರಂಗು ಉಳಿಸಿಕೊಂಡು ಇನ್ನೊಂದು ಮೂರನೇ ಬೇಸಿಗೆಗೇ ಪೇಲವವಾಗುವುದು ಹೀಗೆ. ಒಂದು ಘೋಷವಾಕ್ಯ ಶೇಡ್ ಕಾರ್ಡಿನ ಸಾವಿರ ರಂಗುಗಳಿಗೂ ಒಟ್ಟಿಗೆ ಮಾತು ಕೊಡುವಾಗ ಈ ವ್ಯತ್ಯಾಸ ಮರೆಯಾಗುತ್ತದೆ.

ಹಾಗಾದರೆ ಮಳೆ ಮಾಡುವುದೇನು? ಮುಖ್ಯವಾಗಿ ಎರಡು ಕೆಲಸ. ಗೋಡೆಯ ಮೇಲೆ ದಿನಗಟ್ಟಲೆ ಪಸೆ ಉಳಿಸಿ ಪಾಚಿ, ಬೂಷ್ಟು ಬೆಳೆಸುವುದು ಒಂದು. ತೆಂಗಿನ ಮರದ ನೆರಳು ಬೀಳುವ ಕಡೆ, ಗಾಳಿಯಾಡದ ಓಣಿಯ ಕಡೆ, ನೀರು ಇಳಿಯುವ ಪ್ಯಾರಾಪೆಟ್‌ನ ಕೆಳಗೆ ಮೊದಲು ಹಸಿರು, ಆಮೇಲೆ ಕಪ್ಪು ಪಟ್ಟೆ ಮೂಡುತ್ತದೆ. ಇದನ್ನು ತಡೆಯಲು ಬಣ್ಣದಲ್ಲಿ ಪಾಚಿನಾಶಕ ಬೆರೆಸಿರುತ್ತಾರೆ. ಆ ರಾಸಾಯನಿಕ ಕೆಲಸ ಮಾಡುವುದೇ ತೇವದಲ್ಲಿ ಸ್ವಲ್ಪ ಸ್ವಲ್ಪವಾಗಿ ಕರಗಿ ಮೇಲ್ಮೈಗೆ ಬರುವ ಮೂಲಕ. ಹಾಗೆ ಕರಗಿದ್ದು ಮಳೆಯ ಜೊತೆ ಹೋಗಿಬಿಡುತ್ತದೆ. ಮಳೆ ಹೆಚ್ಚಿದ್ದಷ್ಟೂ ಈ ಉಳಿತಾಯ ಬೇಗ ಖಾಲಿ. ಪದರ ಗಟ್ಟಿಯಾಗಿಯೇ ಇರುವಾಗ ಪಾಚಿ ಬಂದುಬಿಡುವುದಕ್ಕೂ, ಹಲವು ಖಾತರಿಗಳಲ್ಲಿ ಪಾಚಿಗೆ ಕೊಡುವ ಅವಧಿ ಸಿಪ್ಪೆ ಏಳದಿರುವುದಕ್ಕೆ ಕೊಡುವ ಅವಧಿಗಿಂತ ಕಡಿಮೆ ಇರುವುದಕ್ಕೂ ಕಾರಣ ಇದೇ.

ಮಳೆಯ ಎರಡನೆಯ ಕೆಲಸ ಗೋಡೆಯ ಒಳಗಿನಿಂದ ನಡೆಯುತ್ತದೆ. ಪ್ಲಾಸ್ಟರಿನ ಕೂದಲೆಳೆ ಬಿರುಕು, ಕಿಟಕಿ ಚೌಕಟ್ಟಿನ ಅಂಚು, ತಾರಸಿಯ ಮೂಲೆ, ತಳಪಾಯದ ಪಸೆ, ಇವುಗಳ ಮೂಲಕ ನೀರು ಗೋಡೆಯನ್ನು ಹೊಕ್ಕುತ್ತದೆ. ಮಳೆ ಬಿಟ್ಟು ಬಿಸಿಲು ಬಿದ್ದಾಗ ಅದು ಆವಿಯಾಗಿ ಹೊರಗೆ ಬರಲು ನೋಡುತ್ತದೆ, ಬಣ್ಣದ ಪದರವನ್ನು ಹಿಂದಿನಿಂದ ದೂಡಿ ಗುಳ್ಳೆ ಎಬ್ಬಿಸುತ್ತದೆ. ದಾರಿಯಲ್ಲಿ ಸಿಮೆಂಟಿನ, ಇಟ್ಟಿಗೆಯ ಲವಣಗಳನ್ನೂ ಕರಗಿಸಿಕೊಂಡು ಬಂದು ಬಿಳಿ ಹೂವಿನಂತೆ ಬಿಡುತ್ತದೆ. ಇಲ್ಲಿ ಯಾವ ಬೆಲೆಯ ಬಣ್ಣವೂ ಏನೂ ಮಾಡಲಾರದು, ಏಕೆಂದರೆ ಏಟು ಬೀಳುವುದು ಅದರ ಬೆನ್ನಿಗೆ. ಒಳಪಸೆ, ಸೋರಿಕೆ, ಕಟ್ಟಡದ ಬಿರುಕಿನಿಂದಾದ ಹಾನಿ ಖಾತರಿಗೆ ಸೇರದು ಎಂಬ ಷರತ್ತು ಖಾತರಿ ಪತ್ರಗಳಲ್ಲಿ ಸಾಮಾನ್ಯ. ಕಂಪನಿಯ ಕಡೆಯಿಂದ ಅದು ನ್ಯಾಯವೇ. ಆದರೆ ಭಾರೀ ಮಳೆಯ ಊರಿನಲ್ಲಿ ಬಣ್ಣ ಕೆಡುವುದು ಹೆಚ್ಚಾಗಿ ಇದೇ ದಾರಿಯಿಂದ ಎಂಬುದೂ ಅಷ್ಟೇ ನಿಜ.

ಮಲೆನಾಡಿನ, ಕರಾವಳಿಯ ಹಳೆಯ ಮನೆಗಳಿಗೆ ಈ ಘೋಷವಾಕ್ಯವೇ ಬೇಕಿರಲಿಲ್ಲ. ಇಳಿಜಾರು ಹೆಂಚಿನ ಮಾಡು ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೆ ಚಾಚಿರುತ್ತಿತ್ತು; ಗಾಳಿಮಳೆ ಹೊಡೆಯುವ ಕಡೆಗೆ ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಗೋಡೆಗೆ ಬಳಿದದ್ದು ಸುಣ್ಣ. ವರ್ಷಕ್ಕೊಮ್ಮೆ ಹಬ್ಬಕ್ಕೆ ಮತ್ತೆ ಬಳಿಯುವುದು ರೂಢಿ. ಉಳಿಯಬೇಕು ಎಂಬ ನಿರೀಕ್ಷೆಯೇ ಇಲ್ಲದಲ್ಲಿ ಉಳಿಯುತ್ತದೆ ಎಂಬ ಭರವಸೆಗೆ ಗಿರಾಕಿ ಇರುವುದಿಲ್ಲ. ಚಪ್ಪಟೆ ತಾರಸಿ, ಗೇಣುದ್ದದ ಸಜ್ಜಾ, ಎರಡು ಅಂತಸ್ತಿನ ಬರಿಗೋಡೆ ಬಂದ ಮೇಲೆ ಗೋಡೆ ಪೂರ್ತಿ ಮಳೆಗೆ ಮೈಯೊಡ್ಡಿತು. ಸ್ನೋಸೆಮ್ ಎಂದೇ ಜನ ಕರೆಯುತ್ತಿದ್ದ ಸಿಮೆಂಟ್ ಪೇಂಟ್ ಆ ಗೋಡೆಗಳಿಗೆ ಬಹುಕಾಲ ನಡೆಯಿತು, ಅದರ ಮೇಲೆ ಅಕ್ರಿಲಿಕ್ ಎಮಲ್ಷನ್ ಬಂತು. ಮಾಡು ಮಾಡುತ್ತಿದ್ದ ಕೆಲಸವನ್ನು ಡಬ್ಬಿ ಮಾಡುತ್ತದೆ ಎಂಬ ಮಾತು ಹುಟ್ಟಿದ್ದು ಆಗ.

ಭಾರತದ ಬಣ್ಣದ ಜಾಹೀರಾತು ಎರಡು ದಾರಿ ಹಿಡಿದಿದೆ. ಒಂದು, ಬಣ್ಣದ ಗುಣ ಹೇಳದೆ ಮನೆಯ ಬಗೆಗಿನ ಭಾವನೆ ಹೇಳುವುದು. ಏಷ್ಯನ್ ಪೇಂಟ್ಸ್‌ಗಾಗಿ ಓಗಿಲ್ವಿ ಸಂಸ್ಥೆಯಲ್ಲಿ ಪೀಯೂಷ್ ಪಾಂಡೆ ಬರೆದ, ಪ್ರತಿ ಮನೆಯೂ ಏನನ್ನೋ ಹೇಳುತ್ತದೆ ಎಂಬರ್ಥದ ಹಿಂದಿ ಸಾಲು ಇದಕ್ಕೆ ಹೆಸರಾದ ಉದಾಹರಣೆ. ಅದೇ ಕಂಪನಿಗೆ 1954ರಲ್ಲಿ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಬಿಡಿಸಿಕೊಟ್ಟ, ಕೈಯಲ್ಲಿ ಬ್ರಷ್ಷೂ ಡಬ್ಬಿಯೂ ಹಿಡಿದ ತುಂಟ ಹುಡುಗ ಗಟ್ಟೂ ಕೂಡ ಯಾವ ಗುಣವನ್ನೂ ಹೇಳುತ್ತಿರಲಿಲ್ಲ. ಇಂಥ ಸಾಲನ್ನು ಸುಳ್ಳೆಂದು ಯಾರೂ ಸಾಧಿಸಲಾರರು, ಅದು ಏನನ್ನೂ ಸಾಧಿಸಹೊರಟಿಲ್ಲ. ಮಳೆಯ ಹೆಸರು ಹೇಳಿ ಭರವಸೆ ಕೊಡುವುದು ಇನ್ನೊಂದು ದಾರಿ. ಆ ದಾರಿಗೆ ಇಳಿದ ಸಾಲು ಪರೀಕ್ಷೆಗೆ ಸಿಕ್ಕುತ್ತದೆ, ಅದೂ ಪ್ರತಿ ಜೂನ್‌ನಲ್ಲಿ.

ಮಂಗಳೂರಿನಿಂದ ಕಾರವಾರದವರೆಗಿನ ಮನೆಯವರನ್ನು ಉದ್ದೇಶಿಸಿ ಹೊರಗೋಡೆಯ ಬಣ್ಣವೊಂದಕ್ಕೆ ಕನ್ನಡದ ಸಾಲು ಬೇಕಾಗಿದೆ ಎಂದಿಟ್ಟುಕೊಂಡರೆ, ಎಲ್ಲರ ತಲೆಗೂ ಮೊದಲು ಬರುವ ಸಾಲು ‘ಎಂದೆಂದೂ ಮಾಸದ ಬಣ್ಣ’. ಕೇಳಲು ಇಂಪು, ಹೇಳಲು ಸಲೀಸು. ಆದರೆ ಎಂದೆಂದೂ ಮಾಸದ ಎಮಲ್ಷನ್ ಲೋಕದಲ್ಲಿಲ್ಲ. ಇದು ತಮಾಷೆಯ ಉತ್ಪ್ರೇಕ್ಷೆ ಎಂದು ತಪ್ಪಿಸಿಕೊಳ್ಳಲೂ ಕಷ್ಟ. ಕಣ್ಸೆಳೆಯುವ ಅತಿಶಯೋಕ್ತಿಗೆ ಜಾಹೀರಾತಿನ ನಿಯಮಗಳಲ್ಲಿ ಜಾಗವಿದೆ, ಅದು ಅತಿಶಯೋಕ್ತಿ ಎಂದು ನೋಡಿದವರಿಗೆ ತಕ್ಷಣ ಗೊತ್ತಾಗುವ ಹಾಗಿದ್ದರೆ ಮಾತ್ರ. ಗೋಡೆ ಮಳೆಯನ್ನು ಕಂಡು ನಗುತ್ತದೆ ಎಂದರೆ ಯಾರೂ ಅಕ್ಷರಶಃ ನಂಬುವುದಿಲ್ಲ. ಬಣ್ಣ ಮಾಸುವುದಿಲ್ಲ ಎಂದರೆ ನಂಬುತ್ತಾರೆ, ಏಕೆಂದರೆ ಅವರು ಕೊಳ್ಳಲು ಬಂದಿರುವುದು ಅದನ್ನೇ.

ಎರಡನೆಯ ಸಾಲು ‘ಮಳೆಗೆ ಹೆದರದ ಗೋಡೆ’. ಇದರಲ್ಲಿ ಧೈರ್ಯವಿದೆ, ಚಿತ್ರವಿದೆ. ಕೆಟ್ಟಿರುವುದು ಕರ್ತೃಪದ. ಮಾರುತ್ತಿರುವುದು ಬಣ್ಣ, ಮಾತು ಕೊಡುತ್ತಿರುವುದು ಗೋಡೆಯ ಪರವಾಗಿ. ತಾರಸಿ ಸೋರಿ ಗೋಡೆ ಒದ್ದೆಯಾದಾಗ ಮನೆಯವರು ಈ ಸಾಲನ್ನೇ ಹಿಡಿದು ಕೇಳುತ್ತಾರೆ. ಖಾತರಿ ಪತ್ರ ಆ ಹಾನಿಯನ್ನು ಹೊರಗಿಟ್ಟಿರುತ್ತದೆ. ಕಂಪನಿಯ ದೊಡ್ಡಕ್ಷರ ಒಂದು ಹೇಳಿ ಸಣ್ಣಕ್ಷರ ಅದನ್ನು ಅಳಿಸುವುದಕ್ಕೆ ಇದು ಸರಿಯಾದ ಮಾದರಿ.

ಮೂರನೆಯದು ಕಿವಿಗೆ ಹೆಚ್ಚು ಹತ್ತಿರದ್ದು. ಕನ್ನಡ ಕಾವ್ಯಕ್ಕೆ ಪಾದದ ಎರಡನೆಯ ಅಕ್ಷರ ಹೊಂದಿಸುವ ಆದಿಪ್ರಾಸ ಹಳೆಯ ಹವ್ಯಾಸ. ‘ಮಳೆ’ ಎಂದೊಡನೆ ‘ಕಳೆ’ ತಾನಾಗಿ ಬರುತ್ತದೆ. ಕಳೆ ಎಂದರೆ ಕಾಂತಿ. ಕಳೆಯುವುದು ಎಂದರೆ ಇಲ್ಲವಾಗುವುದು, ಮುಗಿಯುವುದು. ಮೂರೂ ಸೇರಿ ‘ಮಳೆ ಕಳೆದರೂ ಕಳೆ ಕಳೆಯದು’ ಎಂಬ ಸಾಲಾಗುತ್ತದೆ. ಬರೆದವರು ಬೆನ್ನು ತಟ್ಟಿಕೊಳ್ಳುವ ಹೊತ್ತಿಗೆ ನಾಲ್ಕನೆಯ ಅರ್ಥವೊಂದು ಇಣುಕುತ್ತದೆ: ಕಳೆ ಎಂದರೆ ಹೊಲದಲ್ಲಿ ಕೀಳುವ ಕಳೆಗಿಡವೂ ಹೌದು. ಮಳೆ ನಿಂತರೂ ಗೋಡೆಯ ಮೇಲಿನ ಹಸಿರು ಹೋಗುವುದಿಲ್ಲ ಎಂದು ಓದಿಕೊಳ್ಳಲು ಅಡ್ಡಿಯೇ ಇಲ್ಲ. ಪಾಚಿ ಕಟ್ಟುವ ಊರಿನಲ್ಲಿ ಆ ಓದು ಖಂಡಿತ ನಡೆಯುತ್ತದೆ, ಅಂಗಡಿಯ ಕಟ್ಟೆಯ ಮೇಲೆ ನಗೆಯೂ ಏಳುತ್ತದೆ. ಮುಂದೆ ‘ಮನೆಗೆ’ ಎಂಬ ಪದವಿಟ್ಟರೆ ಈ ಅಪಾಯ ತಪ್ಪುತ್ತದೆ. ಮುಖಕ್ಕೆ ಕಳೆ, ಮನೆಗೆ ಕಳೆ ಎಂದಾಗ ಯಾರೂ ಕಳೆಗಿಡ ನೆನೆಯುವುದಿಲ್ಲ. ‘ಮಳೆ ಕಳೆದರೂ ಮನೆಗೆ ಕಳೆ’: ನಾಲ್ಕೇ ಪದ, ಪ್ರಾಸವೂ ಉಳಿಯಿತು. ಬಣ್ಣ ಎಂಬ ತೊಡಕಿನ ಪದವೂ ಇಲ್ಲ. ಆದರೆ ಕಳೆಯನ್ನು ಅಳೆಯಲು ಬರುವುದಿಲ್ಲವಾದ್ದರಿಂದ ಈ ಸಾಲು ಬಾಳಿಕೆಯ ಭರವಸೆಗಿಂತ ಭಾವನೆಯ ಕಡೆಗೇ ವಾಲುತ್ತದೆ.

ಭರವಸೆಯೇ ಬೇಕೆಂದರೆ ಎಣಿಕೆ ಬೇಕು. ಕನ್ನಡದಲ್ಲಿ ಅದಕ್ಕೆ ಸಿದ್ಧವಾದ ಅಳತೆಯೊಂದಿದೆ. ವಯಸ್ಸಾದವರನ್ನು ‘ಎಷ್ಟೋ ಮಳೆಗಾಲ ಕಂಡವರು’ ಎನ್ನುತ್ತೇವೆ. ‘ವರ್ಷ’ ಎಂಬ ಸಂಸ್ಕೃತ ಪದಕ್ಕೇ ಮಳೆ ಎಂಬ ಅರ್ಥವೂ ಇದೆ. ‘ಹತ್ತು ಮಳೆಗಾಲ, ಒಂದೇ ಬಣ್ಣ’ ಎಂಬ ಸಾಲು ಹತ್ತು ವರ್ಷ ಎಂದು ಲೆಕ್ಕ ಹೇಳುತ್ತದೆ, ಶತ್ರು ಯಾರೆಂದೂ ಹೇಳುತ್ತದೆ. ನಾಲ್ಕರಲ್ಲಿ ಗಟ್ಟಿಯಾದ ಸಾಲು ಇದು, ಸಿಕ್ಕಿಬೀಳುವ ಸಾಲೂ ಇದೇ. ‘ಒಂದೇ ಬಣ್ಣ’ ಎಂದದ್ದರಿಂದ ರಂಗೂ ಬದಲಾಗುವುದಿಲ್ಲ ಎಂದಾಯಿತು. ಕಂಪನಿ ಹತ್ತು ವರ್ಷ ಖಾತರಿ ಕೊಡುತ್ತಿರುವುದು ಸಿಪ್ಪೆ ಏಳದಿರುವುದಕ್ಕೆ ಮಾತ್ರವಾದರೆ ಸಾಲಿನ ಎರಡನೆಯ ಅರ್ಧ ಸುಳ್ಳಾಗುತ್ತದೆ.

ಎಣಿಕೆಗೆ ಊರಿನ ಲೆಕ್ಕವೂ ಕೂಡಿಕೊಳ್ಳುತ್ತದೆ. ಬೆಂಗಳೂರಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು ಒಂದು ಸಾವಿರ ಮಿಲಿಮೀಟರ್. ಮಂಗಳೂರಿಗೆ ಅದರ ಮೂರೂವರೆ ಪಟ್ಟಿನಷ್ಟು, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆಗುಂಬೆಗೆ ಏಳು ಪಟ್ಟಿಗೂ ಹೆಚ್ಚು. ಬೆಂಗಳೂರಿನ ಹತ್ತು ಮಳೆಗಾಲದ ನೀರನ್ನು ಆಗುಂಬೆಯ ಗೋಡೆ ಎರಡು ವರ್ಷ ತುಂಬುವ ಮೊದಲೇ ಕಂಡಿರುತ್ತದೆ. ರಾಜ್ಯಕ್ಕೆಲ್ಲ ಒಂದೇ ಸಾಲು ಅಂಟಿಸುವಾಗ ‘ಭಾರೀ ಮಳೆ’ ಎಂದರೆ ಯಾವ ಊರಿನ ಮಳೆ ಎಂಬುದನ್ನು ಕಂಪನಿ ಮೊದಲು ತನಗೆ ತಾನೇ ಕೇಳಿಕೊಳ್ಳಬೇಕಾಗುತ್ತದೆ.

ಹತ್ತು ವರ್ಷ ಕಾದು ನೋಡದೆ ಹತ್ತು ವರ್ಷದ ಮಾತು ಹೇಗೆ ಕೊಡುತ್ತಾರೆ? ಪ್ರಯೋಗಾಲಯದಲ್ಲಿ ಬಣ್ಣ ಬಳಿದ ಹಲಗೆಗಳನ್ನು ಪೆಟ್ಟಿಗೆಯಂಥ ಯಂತ್ರದಲ್ಲಿಟ್ಟು, ಕೆಲವು ಗಂಟೆ ನೇರಳಾತೀತ ದೀಪ, ಕೆಲವು ಗಂಟೆ ಬಿಸಿ ಹಬೆಯ ಪಸೆ, ಹೀಗೆ ಸರದಿಯ ಮೇಲೆ ಸಾವಿರಾರು ಗಂಟೆ ನಡೆಸುತ್ತಾರೆ. ಆಮೇಲೆ ಹಲಗೆಯ ರಂಗು ಎಷ್ಟು ಸರಿದಿದೆ ಎಂದು ಉಪಕರಣದಿಂದ ಅಳೆಯುತ್ತಾರೆ. ಈ ವ್ಯತ್ಯಾಸಕ್ಕೆ ‘ಡೆಲ್ಟಾ ಇ’ ಎಂಬ ಹೆಸರಿದೆ. ಅದು ಒಂದರ ಆಸುಪಾಸಿನಲ್ಲಿದ್ದರೆ ಎರಡು ತುಂಡುಗಳನ್ನು ಪಕ್ಕಪಕ್ಕ ಇಟ್ಟರೂ ಕಣ್ಣಿಗೆ ಹೊಳೆಯುವುದು ಕಷ್ಟ, ಹೆಚ್ಚಿದಷ್ಟೂ ಎದ್ದು ಕಾಣುತ್ತದೆ. ಜೊತೆಗೆ ತೆರೆದ ಬಯಲಿನಲ್ಲಿ ಓರೆಯಾಗಿ ನಿಲ್ಲಿಸಿದ ಹಲಗೆಗಳ ಮೇಲೆ ವರ್ಷಗಟ್ಟಲೆ ನಿಜವಾದ ಬಿಸಿಲು-ಮಳೆ ಬೀಳಲು ಬಿಡುತ್ತಾರೆ. ಯಂತ್ರ ಬಣ್ಣಗಳನ್ನು ಒಂದಕ್ಕೊಂದು ಹೋಲಿಸಲು ಬಹಳ ಒಳ್ಳೆಯದು. ಇಷ್ಟು ಗಂಟೆ ಎಂದರೆ ಉಡುಪಿಯಲ್ಲಿ ಇಷ್ಟು ವರ್ಷ ಎಂದು ನೇರವಾಗಿ ಗುಣಿಸಲು ಅದು ಒಪ್ಪುವುದಿಲ್ಲ: ಯಂತ್ರದಲ್ಲಿ ಪಾಚಿಯ ಬೀಜಾಣುವಿಲ್ಲ, ಹಿಂದಿನಿಂದ ದೂಡುವ ಒದ್ದೆ ಗೋಡೆಯಿಲ್ಲ, ನೀರು ಹೆಚ್ಚು ಬೆರೆಸುವ ಪೇಂಟರ್ ಇಲ್ಲ.

ಈ ಕೊನೆಯದು ಸಣ್ಣ ಸಂಗತಿಯಲ್ಲ. ಉಡುಪಿಯ ಕಡೆಯ ಎರಡು ಅಂತಸ್ತಿನ ಸಾಧಾರಣ ಮನೆಯೊಂದರ ಹೊರಗೋಡೆ ಒಂದೂವರೆ ಸಾವಿರ ಚದರ ಅಡಿ ಎಂದಿಟ್ಟುಕೊಳ್ಳಬಹುದು. ಒಳ್ಳೆಯ ದರ್ಜೆಯ ಎಕ್ಸ್‌ಟೀರಿಯರ್ ಎಮಲ್ಷನ್ ಎರಡು ಕೋಟಿಗೆ ಲೀಟರಿಗೆ ಸುಮಾರು ಐವತ್ತರಿಂದ ಅರವತ್ತು ಚದರ ಅಡಿ ಬರುತ್ತದೆ. ಐವತ್ತೈದರ ಲೆಕ್ಕದಲ್ಲಿ ಇಪ್ಪತ್ತೇಳು ಲೀಟರ್ ಚಿಲ್ಲರೆ ಬೇಕು. ಅಂಗಡಿಯಲ್ಲಿ ಸಿಗುವ ದೊಡ್ಡ ಬಕೆಟ್ ಇಪ್ಪತ್ತು ಲೀಟರಿನದು. ಇನ್ನೊಂದು ಬಕೆಟ್ ತರಿಸುವ ಬದಲು ಇರುವುದಕ್ಕೇ ನೀರು ಹೆಚ್ಚಿಸಿ ಎಳೆದರೆ ಗೋಡೆ ತುಂಬುತ್ತದೆ, ಒಣಗಿದ ದಿನ ವ್ಯತ್ಯಾಸವೂ ಕಾಣುವುದಿಲ್ಲ. ಸರಿಯಾಗಿ ಹಚ್ಚಿದರೂ ಒಣಗಿದ ಪದರದ ದಪ್ಪ ಹೆಚ್ಚುಕಡಿಮೆ ಒಂದು ಕೂದಲಿನಷ್ಟು. ಇಪ್ಪತ್ತು ಲೀಟರಿನಲ್ಲಿ ಮುಗಿಸಿದಾಗ ಅದರಲ್ಲೂ ಕಾಲುಭಾಗಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಅಷ್ಟೇ ಪ್ರಮಾಣದಲ್ಲಿ ಪಾಚಿನಾಶಕವೂ ಕಡಿಮೆ.

ಅದೇ ಮನೆಯನ್ನು ಮೂರು ಮಳೆಗಾಲ ಕಳೆದ ಮೇಲೆ ಸುತ್ತು ಹಾಕಿ ನೋಡಿದರೆ ನಾಲ್ಕು ಗೋಡೆ ನಾಲ್ಕು ಕಥೆ ಹೇಳುತ್ತವೆ. ಸಮುದ್ರದ ಕಡೆಯ ಪಶ್ಚಿಮದ ಗೋಡೆಗೆ ಗಾಳಿಮಳೆಯೂ ಹೊಡೆದಿದೆ, ಬೇಸಿಗೆಯ ಮಧ್ಯಾಹ್ನದ ಬಿಸಿಲೂ ಬಿದ್ದಿದೆ. ಅಲ್ಲಿ ಅಂಗೈಗೆ ಪುಡಿ ಅಂಟುತ್ತದೆ, ರಂಗು ತಿಳಿಯಾಗಿದೆ, ಆದರೆ ಪಾಚಿಯಿಲ್ಲ. ತೆಂಗಿನ ತೋಟದ ನೆರಳಿನ ಉತ್ತರದ ಗೋಡೆಯಲ್ಲಿ ರಂಗು ಹಾಗೆಯೇ ಇದೆ, ಅದರ ಮೇಲೆ ಕಪ್ಪು ಪಟ್ಟೆ ಇಳಿದಿದೆ. ಪೂರ್ವದಲ್ಲಿ ಬಚ್ಚಲುಮನೆಯ ಹೊರಗೆ ಒಂದಾಳೆತ್ತರಕ್ಕೆ ಗುಳ್ಳೆ ಎದ್ದು ಬಿಳಿ ಉಪ್ಪು ಬಂದಿದೆ. ಅದು ಒಳಗಿನ ನಲ್ಲಿ ಪೈಪಿನ ಕೆಲಸ, ಮಳೆಗಾಲಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ದಕ್ಷಿಣದ ಗೋಡೆ ಚೆನ್ನಾಗಿದೆ. ಮನೆಯವರಿಗೆ ಕಾಣುವುದು ‘ಬಣ್ಣ ಹೋಯಿತು’ ಎಂಬ ಒಂದೇ ಸಂಗತಿ. ‘ಹತ್ತು ಮಳೆಗಾಲ, ಒಂದೇ ಬಣ್ಣ’ ಎಂಬ ಸಾಲಿನ ಎದುರು ಮೂರು ಗೋಡೆಗಳ ದೂರೂ ಸಮಾನ. ಖಾತರಿ ಪತ್ರದ ಎದುರು ಹಾಗಲ್ಲ. ಉತ್ತರದ ಗೋಡೆಯ ಪಾಚಿ ಅವಧಿಯೊಳಗಿದ್ದರೆ ದೂರು ನಿಲ್ಲಬಹುದು. ಪಶ್ಚಿಮದ ಗೋಡೆಯದು ರಂಗಿಗೂ ಖಾತರಿ ಇದೆಯೇ, ಆರಿಸಿದ ಶೇಡ್ ಹೊರಗಿಟ್ಟ ಪಟ್ಟಿಯಲ್ಲಿದೆಯೇ ಎಂಬುದರ ಮೇಲೆ ನಿಂತಿದೆ. ಪೂರ್ವದ ಗೋಡೆಗೆ ಏನೂ ಸಿಗದು. ಪ್ರೈಮರ್ ಹೊಡೆಸಿಲ್ಲ, ಇಪ್ಪತ್ತೇಳು ಲೀಟರಿನ ಜಾಗಕ್ಕೆ ಇಪ್ಪತ್ತೇ ಲೀಟರಿನ ಬಿಲ್ ಇದೆ ಎಂದಾದರೆ ಮೂರೂ ಬಿದ್ದುಹೋಗಬಹುದು. ದೂರು ಗೆದ್ದರೂ ಎಷ್ಟೋ ಖಾತರಿಗಳಲ್ಲಿ ಸಿಗುವುದು ಬಣ್ಣ ಮಾತ್ರ, ಕೂಲಿ ಮನೆಯವರದೇ.

ಬಣ್ಣದ ಜಾಹೀರಾತಿನ ಕಾಲಕ್ಕೂ ಗೋಡೆಯ ಕಾಲಕ್ಕೂ ಹೊಂದಿಕೆಯಿಲ್ಲದಿರುವುದು ಇನ್ನೊಂದು ತೊಡಕು. ದೇಶದಲ್ಲಿ ಬಣ್ಣದ ವ್ಯಾಪಾರ ಏರುವುದು ದೀಪಾವಳಿಗೆ ಮುಂಚಿನ ವಾರಗಳಲ್ಲಿ. ಆಗ ಕರಾವಳಿಯ ಗೋಡೆಗಳು ಇನ್ನೂ ಪಸೆ ಹೀರಿಕೊಂಡೇ ಇರುತ್ತವೆ. ಮುಟ್ಟಿದರೆ ಒಣಗಿದಂತೆ ಕಾಣುವ ಗೋಡೆಯ ಒಳಪಸೆ ತಿಳಿಯಲು ಸುಲಭದ ದಾರಿಯೊಂದಿದೆ: ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡುವುದು. ಒಳಮೈಯಲ್ಲಿ ಹನಿ ಕಟ್ಟಿದ್ದರೆ ಬಣ್ಣ ಹಚ್ಚುವ ಕಾಲ ಬಂದಿಲ್ಲ. ಹೊಸ ಪ್ಲಾಸ್ಟರಿಗಂತೂ ಕನಿಷ್ಠ ಇಪ್ಪತ್ತೆಂಟು ದಿನ ಕ್ಯೂರಿಂಗ್ ಆಗಿ, ಆಮೇಲೆ ಒಣಗಲೂ ಸಮಯ ಬೇಕು. ಅವಸರ ಮಾಡಿದರೆ ಸಿಮೆಂಟಿನ ಕ್ಷಾರವೇ ರಂಗನ್ನು ತಿನ್ನುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಕರಾವಳಿಯ ಗೋಡೆ ಬಣ್ಣಕ್ಕೆ ತಕ್ಕ ಸ್ಥಿತಿಯಲ್ಲಿರುತ್ತದೆ. ಮಳೆಯ ಭಯ ಹುಟ್ಟಿಸುವ ಫಲಕಗಳು ಮೇ ಕೊನೆಗೆ ಎದ್ದರೆ ಅವು ಓದುಗರನ್ನು ತಪ್ಪು ವಾರದಲ್ಲಿ ಅಂಗಡಿಗೆ ಕಳಿಸುತ್ತವೆ.

ಸಾಲು ಎಷ್ಟರ ಮಟ್ಟಿಗೆ ಹೋಗಬಹುದು ಎಂಬುದಕ್ಕೆ ಕಾನೂನಿನ ಗೆರೆಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತು ಎಂದರೆ ಏನೆಂದು ಹೇಳುವಾಗ, ಸರಕನ್ನು ಸುಳ್ಳಾಗಿ ಬಣ್ಣಿಸುವುದರ ಜೊತೆಗೆ ಸುಳ್ಳು ಖಾತರಿ ಕೊಡುವುದನ್ನೂ, ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದನ್ನೂ ಸೇರಿಸಲಾಗಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ಜಾಹೀರಾತನ್ನು ನಿಲ್ಲಿಸಲು ಹೇಳಬಹುದು, ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಅದೇ ತಪ್ಪು ಮಾಡಿದರೆ ಐವತ್ತು ಲಕ್ಷದವರೆಗೆ. ಅದೇ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಘೋಷವಾಕ್ಯಕ್ಕೆ ನೇರವಾಗಿ ತಗಲುವ ಮಾತಿದೆ. ಷರತ್ತಿನ ಟಿಪ್ಪಣಿ ದೊಡ್ಡ ಸಾಲನ್ನು ವಿವರಿಸಬಹುದು, ಅದಕ್ಕೆ ವಿರುದ್ಧ ಹೇಳುವಂತಿಲ್ಲ. ಟಿಪ್ಪಣಿಯ ಭಾಷೆ ಸಾಲಿನ ಭಾಷೆಯೇ ಆಗಿರಬೇಕು, ಅಕ್ಷರದ ಫಾಂಟೂ ಅದೇ ಇರಬೇಕು. ‘ಒಂದೇ ಬಣ್ಣ’ ಎಂದು ಮೇಲೆ ಬರೆದು, ರಂಗು ಮಾಸುವುದು ಖಾತರಿಗೆ ಸೇರದು ಎಂದು ಕೆಳಗೆ ಬರೆದರೆ ಅದು ವಿವರಣೆಯಾಗುವುದಿಲ್ಲ, ವಿರೋಧವಾಗುತ್ತದೆ. 1985ರಿಂದ ಇರುವ ಜಾಹೀರಾತು ಮಾನದಂಡ ಮಂಡಳಿಯೂ ಕಂಪನಿಗಳಿಂದ ಕೇಳುವುದು ಇದನ್ನೇ: ಹೇಳಿದ್ದಕ್ಕೆ ಪುರಾವೆ ತೋರಿಸಿ.

ಇಷ್ಟೆಲ್ಲ ಗೆರೆಗಳೊಳಗೆ ಒಳ್ಳೆಯ ಸಾಲು ಬರೆಯಲು ಸಾಧ್ಯವಿಲ್ಲವೆಂದೇನೂ ಇಲ್ಲ. ಕೆಲಸವನ್ನು ಎರಡು ಸಾಲುಗಳಿಗೆ ಹಂಚುವುದು ಒಂದು ದಾರಿ. ಮೇಲೆ ‘ಮಳೆ ಕಳೆದರೂ ಮನೆಗೆ ಕಳೆ’ ಎಂಬ ಭಾವದ ಸಾಲು. ಅದರ ಕೆಳಗೆ, ಓದಲು ಬರುವಷ್ಟೇ ದೊಡ್ಡ ಅಕ್ಷರದಲ್ಲಿ, ‘ಸಿಪ್ಪೆ ಏಳದು: 10 ಮಳೆಗಾಲ. ಪಾಚಿ ಕಟ್ಟದು: 5 ಮಳೆಗಾಲ’ ಎಂಬ ಲೆಕ್ಕದ ಸಾಲು, ಅಂಕಿಗಳು ಆ ಬಣ್ಣದ ಪರೀಕ್ಷೆಯೂ ಖಾತರಿಯೂ ಒಪ್ಪುವಂಥವು. ಇಲ್ಲಿ ‘ಬಣ್ಣ’ ಎಂಬ ಇಬ್ಬಗೆಯ ಪದವನ್ನು ಬಿಟ್ಟು, ಮನೆಯವರು ದಿನವೂ ಆಡುವ ‘ಸಿಪ್ಪೆ’, ‘ಪಾಚಿ’ಗಳನ್ನೇ ಹೆಸರಿಸಿದ್ದರಿಂದ ಕೊಟ್ಟ ಮಾತು ಯಾವುದು, ಕೊಡದ ಮಾತು ಯಾವುದು ಎಂಬುದು ಬಿಡಿಸಿ ನಿಲ್ಲುತ್ತದೆ. ರಂಗಿನ ಬಗ್ಗೆ ಮಾತು ಕೊಡಲೇಬೇಕೆಂದರೆ ಅದನ್ನು ಶೇಡ್ ಕಾರ್ಡಿನೊಳಗೆ, ಒಂದೊಂದು ರಂಗಿನ ಪಕ್ಕದಲ್ಲಿ ಕೊಡುವುದೇ ಸರಿ. ಕಾವಿಗೆ ಕೊಟ್ಟ ಮಾತನ್ನು ನಿಂಬೆ ಹಳದಿಗೂ ಕೊಡಲಾಗುವುದಿಲ್ಲ.

ಫಲಕದ ಮೇಲಿನ ಸಾಲು ನೋಡಿ ಅಂಗಡಿಗೆ ಹೋಗುವವರು ಬಕೆಟ್ ತೂಗುವ ಮೊದಲು ಖಾತರಿ ಪತ್ರ ಕೇಳಿ ಪಡೆಯಬೇಕು, ಅದರಲ್ಲಿ ರಂಗು, ಸಿಪ್ಪೆ, ಪಾಚಿಗಳಿಗೆ ಬರೆದಿರುವ ವರ್ಷಗಳನ್ನು ಬೇರೆ ಬೇರೆಯಾಗಿ ನೋಡಬೇಕು, ತಮ್ಮ ಶೇಡಿನ ನಂಬರ್ ಬಿಲ್ಲಿನಲ್ಲಿ ಬರೆಸಬೇಕು. ಸಾಲಿಗೂ ಪತ್ರಕ್ಕೂ ತಾಳೆಯಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.